ಬ್ಯಾಟರಿ ಕಂಪನಿಯ ವೈಟ್ ಪೇಪರ್: ತಿಳಿಸುವುದು ಮೊದಲು, ಮಾರುವುದು ಆಮೇಲೆ

"ನಮ್ಮ ಲಿಥಿಯಂ ಬ್ಯಾಟರಿ 6000 ಸೈಕಲ್ ಬಾಳುತ್ತದೆ. 60 ಡಿಗ್ರಿ ಬಿಸಿಯಲ್ಲೂ ಕೆಲಸ ಮಾಡುತ್ತದೆ. ಎಂಟು ಲೆಡ್ ಆಸಿಡ್ ಬ್ಯಾಟರಿಗಳ ಜಾಗದಲ್ಲಿ ನಮ್ಮದು ಒಂದು ಸಾಕು."

ಇನ್ವರ್ಟರ್ ಮತ್ತು ಯುಪಿಎಸ್ ಬ್ಯಾಟರಿ ತಯಾರಿಸುವ ಕಂಪನಿಯೊಂದರ ವೈಟ್ ಪೇಪರ್ ಹೀಗೆ ಶುರುವಾಗುತ್ತದೆ ಎಂದುಕೊಳ್ಳಿ. ಮೂರು ವಾಕ್ಯಗಳಲ್ಲಿ ಒಂದೂ ಹಸಿ ಸುಳ್ಳಲ್ಲ. ಪ್ರತಿಯೊಂದಕ್ಕೂ ಕಂಪನಿಯ ಪ್ರಯೋಗಶಾಲೆಯಲ್ಲಿ ಏನೋ ಒಂದು ಆಧಾರ ಇದೆ. ಆದರೆ ಬ್ಯಾಟರಿ ಕೊಳ್ಳಬೇಕೋ ಬೇಡವೋ ಎಂದು ಯೋಚಿಸುತ್ತ ಕುಳಿತವರಿಗೆ ಈ ಮೂರರಿಂದ ಯಾವ ತೀರ್ಮಾನಕ್ಕೂ ಬರಲಾಗುವುದಿಲ್ಲ. ಯಾವ ಸ್ಥಿತಿಯಲ್ಲಿ 6000, ಯಾವ ಕೆಲಸಕ್ಕೆ 60 ಡಿಗ್ರಿ, ಎಷ್ಟು ವರ್ಷದ ತನಕ ಎಂಟರ ಬದಲು ಒಂದು ಎಂಬುದು ಎಲ್ಲೂ ಇಲ್ಲ. ಇಂತಹ ಕರಡುಗಳನ್ನು ತಿದ್ದಿ ಬರೆಯುವುದು ನನ್ನ ಕೆಲಸ. ಅದು ಹೇಗೆ ನಡೆಯುತ್ತದೆ ಎಂಬುದನ್ನು ಈ ಮೂರು ವಾಕ್ಯಗಳನ್ನೇ ಹಿಡಿದು ಹೇಳುತ್ತೇನೆ. ಕರಡು ಒಂದು ನಿರ್ದಿಷ್ಟ ಕಂಪನಿಯದಲ್ಲ, ಹಲವು ಕರಡುಗಳ ಲಕ್ಷಣಗಳನ್ನು ಕೂಡಿಸಿ ಈ ಲೇಖನಕ್ಕಾಗಿ ಕಟ್ಟಿದ ಮಾದರಿ. ಅದರಲ್ಲಿ ಮಾತಾಡುವ ಎಂಜಿನಿಯರ್, ಮಾರ್ಕೆಟಿಂಗ್‌ನವರೂ ಹಾಗೆಯೇ. ಬ್ಯಾಟರಿಯ ಗುಣ ಸ್ವಭಾವಗಳು ಮಾತ್ರ ನಿಜದವು.

ವಿಧಾನಸಭೆಯಲ್ಲಿ ವಿರೋಧ ಪಕ್ಷದವರು "ಹಣಕಾಸಿನ ಬಗ್ಗೆ ಶ್ವೇತಪತ್ರ ಹೊರಡಿಸಿ" ಎಂದು ಪಟ್ಟು ಹಿಡಿಯುವುದನ್ನು ನಾವೆಲ್ಲ ಕೇಳಿದ್ದೇವೆ. ಅವರು ಕೇಳುತ್ತಿರುವುದು ಲೆಕ್ಕ: ಎಷ್ಟಿತ್ತು, ಎಷ್ಟು ಹೋಯಿತು, ಈಗ ಎಷ್ಟಿದೆ. ಇದು ಬ್ರಿಟಿಷ್ ಸರ್ಕಾರದಿಂದ ಬಂದ ರೂಢಿ. ಪ್ಯಾಲೆಸ್ಟೈನ್ ಕುರಿತ ತನ್ನ ನೀತಿಯನ್ನು ವಿವರಿಸಿ ಅದು 1922ರಲ್ಲಿ ಹೊರಡಿಸಿದ, ಚರ್ಚಿಲ್ ಹೆಸರಿನಲ್ಲಿ ನಿಂತ ವೈಟ್ ಪೇಪರ್ ಹಳೆಯ ಪ್ರಸಿದ್ಧ ಉದಾಹರಣೆ. ತಂತ್ರಜ್ಞಾನ ಕಂಪನಿಗಳು ಈ ಹೆಸರನ್ನು ಎತ್ತಿಕೊಂಡದ್ದು ಅದಕ್ಕಿದ್ದ ಗೌರವಕ್ಕಾಗಿ. ಜಾಹೀರಾತು ಎಂದರೆ ಜನ ಪುಟ ತಿರುಗಿಸುತ್ತಾರೆ, ವೈಟ್ ಪೇಪರ್ ಎಂದರೆ ಓದಲು ಕೂರುತ್ತಾರೆ. ಹೀಗೆ ಕೂತವರಿಗೆ ಎಂಟು ಹತ್ತು ಪುಟದ ಜಾಹೀರಾತನ್ನೇ ಕೊಟ್ಟರೆ ಎರಡನೇ ಪುಟಕ್ಕೇ ಅವರ ನಂಬಿಕೆ ಹೋಗುತ್ತದೆ.

ಒಳ್ಳೆಯ ವೈಟ್ ಪೇಪರ್ ಹೇಗಿರುತ್ತದೆ ಎಂದು ಯಾರಾದರೂ ಕೇಳಿದರೆ ನಾನು ತೋರಿಸುವುದು 2008ರಲ್ಲಿ ಸತೋಶಿ ನಕಮೊಟೊ ಎಂಬ ಹೆಸರಿನಲ್ಲಿ ಬಂದ ಬಿಟ್‌ಕಾಯಿನ್ ಪ್ರಬಂಧವನ್ನು. ಆ ನಾಣ್ಯದ ಬಗ್ಗೆ ಯಾರ ಅಭಿಪ್ರಾಯ ಏನೇ ಇರಲಿ, ಬರವಣಿಗೆಯನ್ನು ಗಮನಿಸಿ. ಒಂಬತ್ತೇ ಪುಟ. ಒಂದೇ ಹಣವನ್ನು ಎರಡು ಸಲ ಖರ್ಚು ಮಾಡುವ ಮೋಸವನ್ನು ನಡುವಿನ ಬ್ಯಾಂಕ್ ಇಲ್ಲದೆ ತಡೆಯುವುದು ಹೇಗೆ ಎಂಬ ಸಮಸ್ಯೆ ಮೊದಲಿಗೇ ಬರುತ್ತದೆ. ಗಣಕ ಶಕ್ತಿಯ ಹೆಚ್ಚು ಪಾಲು ದಾಳಿಕೋರರ ಕೈಯಲ್ಲಿ ಇಲ್ಲದಿರುವ ತನಕ ಮಾತ್ರ ಇದು ನಡೆಯುತ್ತದೆ ಎಂಬ ಷರತ್ತು ಸಾರಾಂಶದಲ್ಲೇ ಇದೆ. ದಾಳಿ ಗೆಲ್ಲುವ ಸಂಭವ ಎಷ್ಟು ಎಂಬ ಲೆಕ್ಕ ಕೊನೆಯಲ್ಲಿದೆ. ಅದೇ ಕ್ಷೇತ್ರದಲ್ಲಿ ಮುಂದೆ, ವಿಶೇಷವಾಗಿ 2017ರ ಸುಮಾರಿಗೆ, ಹೊಸ ಹೊಸ ನಾಣ್ಯ ಮಾರಲು ಬಂದ ಅನೇಕ ವೈಟ್ ಪೇಪರ್‌ಗಳಲ್ಲಿ ಭರವಸೆ ಉಳಿದು ಷರತ್ತು ಮಾಯವಾಗಿತ್ತು. ತಿದ್ದಿ ಬರೆಯುವ ಕೆಲಸದ ಮುಖ್ಯ ಭಾಗ ಎಂದರೆ ಹೀಗೆ ಮಾಯವಾದ ಷರತ್ತುಗಳನ್ನು ಹುಡುಕಿ ತಂದು ಅವುಗಳ ಜಾಗದಲ್ಲಿ ಕೂರಿಸುವುದು. ಬಹಳ ಜನ ತಿಳಿದುಕೊಂಡಿರುವಂತೆ ಕಂಪನಿಯ ಹೆಸರನ್ನು ಹೊಡೆದುಹಾಕಿ, "ಅದ್ಭುತ", "ಕ್ರಾಂತಿಕಾರಿ" ಎಂಬ ವಿಶೇಷಣಗಳನ್ನು ತೆಗೆದುಬಿಟ್ಟರೆ ಅದು ಆಗುವುದಿಲ್ಲ. ಜಾಹೀರಾತು ಸಪ್ಪೆಯಾಗುತ್ತದೆ, ಅಷ್ಟೆ.

ಮೊದಲು ಓದುವವರು ಯಾರು ಎಂದು ನಿಶ್ಚಯ ಮಾಡಿಕೊಳ್ಳಬೇಕು. ಕರಡಿನಲ್ಲಿ "ಉದ್ಯಮಗಳು, ಸಂಸ್ಥೆಗಳು, ಗೃಹ ಬಳಕೆದಾರರು" ಎಂದಿದೆ. ಎಲ್ಲರಿಗೂ ಬರೆದದ್ದು ಯಾರಿಗೂ ತಾಗುವುದಿಲ್ಲ. ನಾವು ಕಲಬುರಗಿಯ ಸಣ್ಣ ನರ್ಸಿಂಗ್ ಹೋಮ್ ಒಂದರ ಆಡಳಿತ ನೋಡಿಕೊಳ್ಳುವವರನ್ನು ಕಣ್ಣೆದುರು ಇಟ್ಟುಕೊಳ್ಳೋಣ. ಕರೆಂಟ್ ಹೋದರೆ ಲಸಿಕೆಯ ಫ್ರಿಜ್, ಬಿಲ್ಲಿಂಗ್ ಕಂಪ್ಯೂಟರ್, ಲ್ಯಾಬ್‌ನ ಒಂದೆರಡು ಯಂತ್ರ, ವಾರ್ಡಿನ ದೀಪ ಮತ್ತು ಫ್ಯಾನ್ ಎಲ್ಲ ಸೇರಿ 2 ಕಿಲೋವಾಟ್ ಲೋಡ್ ಎರಡು ಗಂಟೆ ಓಡಬೇಕು. ಈಗಿರುವ ಬ್ಯಾಟರಿಗಳು ಸೋತಿವೆ. ಹೊಸದು ಯಾವುದು ಹಾಕಬೇಕು ಎಂಬುದು ಪ್ರಶ್ನೆ. ಎಂಜಿನಿಯರಿಂಗ್ ಓದಿದವರಲ್ಲ, ಆದರೆ ಕರೆಂಟ್ ಬಿಲ್ಲಿನ ಯೂನಿಟ್ ಲೆಕ್ಕ ಚೆನ್ನಾಗಿ ಗೊತ್ತು. ಇವರಿಗೆ ಬೇಕಾಗಿರುವುದು ತಮ್ಮ ಲೆಕ್ಕವನ್ನು ತಾವೇ ಮಾಡಿಕೊಳ್ಳುವ ದಾರಿ.

ಓದುಗರು ಗೊತ್ತಾದ ಮೇಲೆ ಕರಡನ್ನು ಹಿಡಿದು ಎಂಜಿನಿಯರ್ ಹತ್ತಿರ ಹೋಗಿ ಕೂರಬೇಕು. ಮಾರ್ಕೆಟಿಂಗ್ ವಿಭಾಗದ ಹತ್ತಿರ ಹೋಗುವುದು ಆಮೇಲೆ. ಕರಡಿನ ಪ್ರತಿ ಅಂಕಿಯ ಕೆಳಗೆ ಗೆರೆ ಎಳೆದುಕೊಂಡು ಹೋದರೆ ಸಾಕು, ಮಾತು ತಾನಾಗಿ ಬೆಳೆಯುತ್ತದೆ.

ಮೊದಲ ಗೆರೆ 6000 ಸೈಕಲ್ ಕೆಳಗೆ. ಬ್ಯಾಟರಿಯನ್ನು ಒಮ್ಮೆ ಖಾಲಿ ಮಾಡಿ ಮತ್ತೆ ತುಂಬಿಸಿದರೆ ಒಂದು ಸೈಕಲ್. ಈ ಅಂಕಿಗೆ ಅರ್ಥ ಬರಬೇಕಾದರೆ ನಾಲ್ಕು ವಿಷಯ ಗೊತ್ತಿರಬೇಕು. ಪ್ರತಿ ಸಲ ಎಷ್ಟು ಆಳಕ್ಕೆ ಖಾಲಿ ಮಾಡಿದರು? ಎಷ್ಟು ಬೇಗ ಖಾಲಿ ಮಾಡಿದರು? ಎಷ್ಟು ಡಿಗ್ರಿ ಉಷ್ಣತೆಯಲ್ಲಿ? ಕೊನೆಯದಾಗಿ, ಬ್ಯಾಟರಿ "ಮುಗಿಯಿತು" ಎಂದು ಯಾವಾಗ ತೀರ್ಮಾನಿಸಿದರು? ಈ ನಾಲ್ಕನೆಯದರಲ್ಲೇ ಹೆಚ್ಚು ಜನ ಮೋಸ ಹೋಗುವುದು. ಹೊಸದರಲ್ಲಿ ಹಿಡಿಯುತ್ತಿದ್ದ ಕರೆಂಟಿನಲ್ಲಿ ಶೇ. 80ರಷ್ಟನ್ನು ಮಾತ್ರ ಹಿಡಿಯುವ ಹಂತಕ್ಕೆ ಬಂದರೆ ಬ್ಯಾಟರಿಯ ಆಯಸ್ಸು ಮುಗಿಯಿತು ಎಂದು ಲೆಕ್ಕ ಹಾಕುವುದು ಬಹುಕಾಲದ ವಾಡಿಕೆ. ಈಗ ಶೇ. 70ಕ್ಕೆ, ಕೆಲವರು 60ಕ್ಕೆ ಇಳಿಯುವ ತನಕ ಎಣಿಸುತ್ತಾರೆ. ಎಣಿಕೆ ನಿಲ್ಲಿಸುವ ಗೆರೆಯನ್ನು ಕೆಳಗೆ ಸರಿಸಿದರೆ ಸೈಕಲ್ ಸಂಖ್ಯೆ ತಾನಾಗಿ ಮೇಲೇರುತ್ತದೆ.

ನಮ್ಮ ಮಾದರಿ ಕಂಪನಿಯ ಪರೀಕ್ಷಾ ವರದಿಯಲ್ಲಿ ಹೀಗಿದೆ: 25 ಡಿಗ್ರಿ, ಶೇ. 80ರ ಆಳ, ಎರಡು ಗಂಟೆಯಲ್ಲಿ ಪೂರ್ತಿ ಖಾಲಿಯಾಗುವ ವೇಗ, ಶೇ. 70ಕ್ಕೆ ಇಳಿಯುವ ತನಕ ಎಣಿಕೆ. ಸರಿ. ಇಲ್ಲಿ ಇನ್ನೊಂದು ಪ್ರಶ್ನೆ ಕೇಳಲೇಬೇಕು, ಅದನ್ನು ಬಹಳ ಕಡಿಮೆ ಜನ ಕೇಳುತ್ತಾರೆ. ಆ ವೇಗದಲ್ಲಿ ಖಾಲಿ ಮಾಡಿ, ತುಂಬಿಸಿ, ನಡುವೆ ಸ್ವಲ್ಪ ಆರಲು ಬಿಟ್ಟರೆ ಒಂದು ಸೈಕಲ್‌ಗೆ ಸುಮಾರು ನಾಲ್ಕು ಗಂಟೆ ಬೇಕು. ಹಗಲು ರಾತ್ರಿ ಓಡಿಸಿದರೂ ದಿನಕ್ಕೆ ಆರು. ಅಂದರೆ 6000 ಸೈಕಲ್ ನಿಜವಾಗಿ ಓಡಿಸಲು 1000 ದಿನ ಬೇಕು, ಹತ್ತಿರ ಹತ್ತಿರ ಎರಡು ಮುಕ್ಕಾಲು ವರ್ಷ. ಈ ಮಾದರಿಯ ಬ್ಯಾಟರಿ ಮಾರುಕಟ್ಟೆಗೆ ಬಂದೇ ಅಷ್ಟು ದಿನ ಆಗಿಲ್ಲದಿದ್ದರೆ?

"ಅಷ್ಟು ದಿನ ಯಾರು ಕಾಯ್ತಾರೆ ಮೇಡಂ?" ಎನ್ನುತ್ತಾರೆ ಎಂಜಿನಿಯರ್. "1500 ಓಡಿಸಿದ್ವಿ. ಶೇ. 92.5 ಉಳಿದಿತ್ತು. ಅಲ್ಲಿಂದ ಗೆರೆ ಎಳೆದು ಲೆಕ್ಕ ಹಾಕಿದ್ವಿ. ಎಲ್ಲರೂ ಮಾಡೋದೇ ಹಂಗೆ."

ಅವರು ಹೇಳುವುದು ನಿಜ, ಇದರಲ್ಲಿ ಮುಚ್ಚಿಡುವಂಥದ್ದೂ ಇಲ್ಲ. 1500 ಸೈಕಲ್‌ಗೆ ಏಳೂವರೆ ಭಾಗ ಇಳಿದರೆ, ಅದೇ ವೇಗದಲ್ಲಿ 6000ಕ್ಕೆ ಮೂವತ್ತು ಭಾಗ ಇಳಿದು ಶೇ. 70 ಉಳಿಯುತ್ತದೆ. ಹಳೆಯ ವಾಡಿಕೆಯಂತೆ ಶೇ. 80ಕ್ಕೆ ನಿಲ್ಲಿಸಿದರೆ ಅದೇ ಗೆರೆ 4000 ಎಂದು ಹೇಳುತ್ತದೆ. ಆದರೆ ಲಿಥಿಯಂ ಬ್ಯಾಟರಿಗಳು ಕೊನೆಯ ತನಕ ನೇರ ಗೆರೆಯಲ್ಲೇ ಇಳಿಯುತ್ತವೆ ಎಂಬ ಖಾತರಿ ಇಲ್ಲ. ಕೆಲವು ಒಂದು ಹಂತದ ನಂತರ ಸರ್ರನೆ ಜಾರುತ್ತವೆ. ಇವೆಲ್ಲ ಓದುಗರ ಹಕ್ಕಿನ ಮಾಹಿತಿ. ಹಾಗಾಗಿ ಆ ವಾಕ್ಯ ಹೊಸ ಬರವಣಿಗೆಯಲ್ಲಿ ಹೀಗಾಗುತ್ತದೆ:

"25 ಡಿಗ್ರಿ ಉಷ್ಣತೆಯಲ್ಲಿ, ಪ್ರತಿ ಸಲ ಶೇ. 80ರಷ್ಟು ಖಾಲಿ ಮಾಡಿ, 1500 ಸೈಕಲ್ ಓಡಿಸಿದ ನಂತರ ಬ್ಯಾಟರಿಯಲ್ಲಿ ಶೇ. 92.5ರಷ್ಟು ಸಾಮರ್ಥ್ಯ ಉಳಿದಿತ್ತು. ಇದೇ ವೇಗ ಮುಂದುವರಿದರೆ ಸುಮಾರು 4000 ಸೈಕಲ್‌ಗೆ ಶೇ. 80ಕ್ಕೂ, 6000ಕ್ಕೆ ಶೇ. 70ಕ್ಕೂ ಇಳಿಯುತ್ತದೆ ಎಂದು ಅಂದಾಜು. ಈ ಮುಂದಿನ ಭಾಗ ಲೆಕ್ಕ, ಪರೀಕ್ಷೆಯಲ್ಲ."

ಒಂದು ವಾಕ್ಯದ ಜಾಗದಲ್ಲಿ ಮೂರು ಬಂದವು. 6000 ಎಲ್ಲೂ ಹೋಗಿಲ್ಲ, ಅದರ ಹಿಂದೆ ಮುಂದೆ ಏನಿದೆ ಎಂದು ಕಾಣುತ್ತಿದೆ. ದಿನಕ್ಕೊಮ್ಮೆ ಬ್ಯಾಟರಿ ಖಾಲಿಯಾಗುವ ಜಾಗದಲ್ಲಿ 4000 ಸೈಕಲ್ ಎಂದರೆ ಹತ್ತು ಹನ್ನೊಂದು ವರ್ಷ ಎಂದು ಓದುಗರು ತಾವೇ ಭಾಗಿಸಿಕೊಳ್ಳಬಹುದು. ಕಂಪನಿ ಕೊಡುವ ವಾರಂಟಿ ಎಷ್ಟು ವರ್ಷದ್ದು ಎಂದು ಅದರ ಪಕ್ಕಕ್ಕಿಟ್ಟು ನೋಡಬಹುದು. ಎರಡರ ನಡುವೆ ದೊಡ್ಡ ಅಂತರವಿದ್ದರೆ ಯಾಕೆ ಎಂದು ಕೇಳಬಹುದು.

ಎರಡನೇ ಗೆರೆ 60 ಡಿಗ್ರಿ ಕೆಳಗೆ. ಕಲಬುರಗಿಯ ಏಪ್ರಿಲ್ ಮೇ ತಿಂಗಳ ಬಿಸಿಲು 40 ಡಿಗ್ರಿ ದಾಟುವುದು ಅಲ್ಲಿಯವರಿಗೆ ಹೊಸದಲ್ಲ. ಹಾಗಿರುವಾಗ 60 ಡಿಗ್ರಿ ಎಂದು ಓದಿದವರಿಗೆ ನಿರಾಳ ಆಗುತ್ತದೆ. ಆದರೆ ಯುಪಿಎಸ್‌ಗಳಲ್ಲಿ ಹೆಚ್ಚಾಗಿ ಬಳಸುವ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಗಳಲ್ಲಿ ಸಾಮಾನ್ಯವಾಗಿ 60 ಎಂಬುದು ಕರೆಂಟ್ ಕೊಡುವಾಗಿನ ಮಿತಿ. ಕರೆಂಟ್ ತುಂಬಿಸಿಕೊಳ್ಳುವಾಗಿನ ಮಿತಿ ಅದಕ್ಕಿಂತ ಕೆಳಗೆ, ಹಲವು ಮಾದರಿಗಳಲ್ಲಿ 45ರ ಆಸುಪಾಸು. ಬ್ಯಾಟರಿಯೊಳಗೆ ಕಾವಲಿಗೆ ಕೂತಿರುವ ಸರ್ಕ್ಯೂಟು ಆ ಮಿತಿ ದಾಟಿದ ಕೂಡಲೇ ಚಾರ್ಜಿಂಗ್ ನಿಲ್ಲಿಸುತ್ತದೆ. ತಗಡಿನ ಚಾವಣಿಯ ಕೋಣೆಯಲ್ಲಿಟ್ಟ ಬ್ಯಾಟರಿ ಮಧ್ಯಾಹ್ನ ಮೂರು ಗಂಟೆಗೆ ಕರೆಂಟ್ ಇದ್ದರೂ ತುಂಬಿಕೊಳ್ಳದೆ ಕೂತರೆ ಅದು ಕೆಟ್ಟಿದೆ ಎಂದುಕೊಂಡು ಮೆಕ್ಯಾನಿಕ್‌ಗೆ ಫೋನ್ ಮಾಡುತ್ತಾರೆ. ಅದು ಕೆಟ್ಟಿಲ್ಲ, ತನ್ನನ್ನು ಕಾಪಾಡಿಕೊಳ್ಳುತ್ತಿದೆ. ವೈಟ್ ಪೇಪರಿನಲ್ಲಿ ಮೊದಲೇ ಹೇಳಿದ್ದರೆ ಆ ಫೋನ್ ಬರುತ್ತಿರಲಿಲ್ಲ.

ಕೆಲಸ ಮಾಡುವುದೇ ಬೇರೆ, ಬಾಳುವುದೇ ಬೇರೆ ಎಂಬುದನ್ನೂ ಕರಡು ಕಲಸಿಬಿಟ್ಟಿದೆ. ಬಿಸಿಯಲ್ಲಿ ಬ್ಯಾಟರಿಯೊಳಗಿನ ರಾಸಾಯನಿಕ ಕ್ರಿಯೆಗಳೆಲ್ಲ ಚುರುಕಾಗುತ್ತವೆ, ಬ್ಯಾಟರಿಯನ್ನು ಹಾಳು ಮಾಡುವ ಕ್ರಿಯೆಗಳೂ ಅದರಲ್ಲಿ ಸೇರಿವೆ. ಲೆಡ್ ಆಸಿಡ್ ಬ್ಯಾಟರಿಗಳ ಬಗ್ಗೆ ಈ ಕ್ಷೇತ್ರದಲ್ಲಿ ಎಲ್ಲರೂ ಬಳಸುವ ಒಂದು ಅಂದಾಜಿದೆ: 25 ಡಿಗ್ರಿಗಿಂತ ಮೇಲೆ ಪ್ರತಿ 10 ಡಿಗ್ರಿಗೆ ಆಯಸ್ಸು ಅರ್ಧವಾಗುತ್ತದೆ. ವರ್ಷವಿಡೀ 35 ಡಿಗ್ರಿಯ ಕೋಣೆಯಲ್ಲಿಟ್ಟರೆ ನಾಲ್ಕು ವರ್ಷದ್ದು ಎರಡು ವರ್ಷಕ್ಕೇ ಸೋಲುತ್ತದೆ. ಲಿಥಿಯಂ ಕೂಡ ಬಿಸಿಗೆ ಹೊರತಲ್ಲ. ಹೀಗಾಗಿ ಎಂಜಿನಿಯರ್ ಹತ್ತಿರ ಇರುವ 25 ಡಿಗ್ರಿಯ ಮತ್ತು 45 ಡಿಗ್ರಿಯ ಎರಡೂ ನಕ್ಷೆಗಳನ್ನು ಒಂದೇ ಚಿತ್ರದಲ್ಲಿ ಹಾಕಬೇಕು. 45ರ ಗೆರೆ ಬೇಗ ಕೆಳಗಿಳಿಯುತ್ತದೆ, ಇಳಿಯಲಿ. ಅದರ ಕೆಳಗೆ ಓದುಗರ ಕೈಲಾಗುವ ಮಾತನ್ನು ಹೇಳಬೇಕು: ಬ್ಯಾಟರಿಯನ್ನು ಪಶ್ಚಿಮದ ಗೋಡೆಗೆ ಒತ್ತಿ ಇಡಬೇಡಿ, ತಗಡಿನ ಕೆಳಗೆ ಬೇಡ, ಗಾಳಿ ಆಡುವ ನೆಲಮಹಡಿಯ ಕೋಣೆ ಆರಿಸಿ, ಅಗ್ಗದ ಥರ್ಮಾಮೀಟರ್ ಒಂದನ್ನು ಕೋಣೆಯಲ್ಲಿ ತೂಗುಹಾಕಿ ಬೇಸಗೆಯಲ್ಲಿ ಒಂದು ವಾರ ಮಧ್ಯಾಹ್ನದ ಉಷ್ಣತೆ ಬರೆದಿಡಿ. ಈ ಸಲಹೆ ಯಾವ ಕಂಪನಿಯ ಬ್ಯಾಟರಿ ಕೊಂಡವರಿಗೂ ಉಪಯೋಗಕ್ಕೆ ಬರುತ್ತದೆ, ಹಳೆಯ ಬ್ಯಾಟರಿಯನ್ನೇ ಇಟ್ಟುಕೊಳ್ಳುವವರಿಗೂ ಬರುತ್ತದೆ. ಒಂದು ಭಾಗ ತಿಳಿಸುವುದಕ್ಕಾಗಿ ಇದೆಯೋ ಮಾರುವುದಕ್ಕಾಗಿ ಇದೆಯೋ ಎಂದು ಪರೀಕ್ಷಿಸಲು ನಾನು ಇದನ್ನೇ ಕೇಳಿಕೊಳ್ಳುತ್ತೇನೆ. ಕಂಪನಿಯ ಹೆಸರನ್ನು ಬೆರಳಿಂದ ಮುಚ್ಚಿ ಓದಿದಾಗಲೂ, ನಮ್ಮಿಂದ ಏನನ್ನೂ ಕೊಳ್ಳದವರಿಗೆ ಈ ಪುಟದಿಂದ ಏನಾದರೂ ಸಿಕ್ಕಿತೇ?

ಮೂರನೆಯದು ಎಂಟರ ಬದಲು ಒಂದು ಎಂಬ ಮಾತು. ಮಾರ್ಕೆಟಿಂಗ್‌ನವರಿಗೆ ಅತಿ ಪ್ರೀತಿಯ ವಾಕ್ಯ. ಇದಕ್ಕೆ ನರ್ಸಿಂಗ್ ಹೋಮಿನ ಲೆಕ್ಕವನ್ನು ಪೂರ್ತಿ ಬಿಡಿಸಿ ನೋಡಬೇಕು, ಹೊಸ ವೈಟ್ ಪೇಪರಿನಲ್ಲೂ ಅದನ್ನು ಬಿಡಿಸಿಯೇ ತೋರಿಸಬೇಕು.

2 ಕಿಲೋವಾಟ್ ಎರಡು ಗಂಟೆ ಎಂದರೆ 4 ಯೂನಿಟ್. ಇನ್ವರ್ಟರ್ ತಾನೇ ಸುಮಾರು ಹತ್ತನೇ ಒಂದು ಭಾಗ ತಿನ್ನುತ್ತದೆ, ಹಾಗಾಗಿ ಬ್ಯಾಟರಿ ಕೊಡಬೇಕಾದ್ದು ಸುಮಾರು 4.4 ಯೂನಿಟ್. ಅಂಗಡಿಯಲ್ಲಿ ಸಿಗುವ 12 ವೋಲ್ಟ್ 150 ಎಎಚ್ ಟ್ಯೂಬುಲರ್ ಬ್ಯಾಟರಿಯ ಮೇಲಿನ ಅಂಕಿಗಳನ್ನು ಗುಣಿಸಿದರೆ 1.8 ಯೂನಿಟ್. 48 ವೋಲ್ಟಿನ ಇನ್ವರ್ಟರ್‌ಗೆ ಸಾಲಾಗಿ ನಾಲ್ಕು ಬೇಕು, 7.2 ಯೂನಿಟ್. ಬೇಕಾದ್ದಕ್ಕಿಂತ ಎಷ್ಟೋ ಹೆಚ್ಚಿದೆ ಅನಿಸುತ್ತದೆ. ಆದರೆ 150 ಎಎಚ್ ಎಂಬುದು 20 ಗಂಟೆಯಲ್ಲಿ ನಿಧಾನವಾಗಿ ಖಾಲಿ ಮಾಡಿದಾಗ ಸಿಗುವ ಲೆಕ್ಕ. ಲೆಡ್ ಆಸಿಡ್ ಬ್ಯಾಟರಿಯಿಂದ ಅವಸರದಲ್ಲಿ ಕರೆಂಟ್ ಎಳೆದಷ್ಟೂ ಒಟ್ಟು ಸಿಗುವುದು ಕಡಿಮೆ. ಎರಡೇ ಗಂಟೆಯಲ್ಲಿ ಎಳೆದರೆ ಹೆಚ್ಚು ಕಡಿಮೆ ಶೇ. 60 ಸಿಕ್ಕೀತು. 7.2ರಲ್ಲಿ ಅದು 4.3 ಯೂನಿಟ್. ಹೊಸದರಲ್ಲೇ ಸಾಲದು, ಸಾಲುವಷ್ಟು ಎಳೆದರೆ ಬ್ಯಾಟರಿ ಪೂರ್ತಿ ಬರಿದಾಗಿ ಬೇಗ ಹಾಳಾಗುತ್ತದೆ. ಅದಕ್ಕೇ ತಿಳಿದ ಎಲೆಕ್ಟ್ರಿಷಿಯನ್‌ಗಳು ಇಂತಹ ಜಾಗಕ್ಕೆ ಎಂಟು ಹಾಕುತ್ತಾರೆ. ಎಂಟಾದರೆ ಪ್ರತಿಯೊಂದರ ಮೇಲಿನ ಭಾರ ಅರ್ಧವಾಗುತ್ತದೆ, ಸಿಗುವ ಪಾಲು ಶೇ. 75ರ ಹತ್ತಿರಕ್ಕೆ ಏರುತ್ತದೆ, ಒಟ್ಟು 10.8 ಯೂನಿಟ್. ಸಾಮರ್ಥ್ಯ ಶೇ. 80ಕ್ಕೆ ಇಳಿದ ಮುದಿತನದಲ್ಲೂ 8.6 ಉಳಿಯುತ್ತದೆ. ಬೇಕಾದ್ದು 4.4. ಕರಡಿನಲ್ಲಿರುವ ಎಂಟು ಎಂಬ ಅಂಕಿ ಉತ್ಪ್ರೇಕ್ಷೆಯಲ್ಲ ಎಂದಾಯಿತು.

ಈಗ ಲಿಥಿಯಂ ಕಡೆ. ಈ ಬಗೆಯ ಒಂದು ಸೆಲ್ 3.2 ವೋಲ್ಟ್. ಹದಿನಾರು ಸೆಲ್ ಸಾಲಾಗಿ ಜೋಡಿಸಿದ 51.2 ವೋಲ್ಟ್ 100 ಎಎಚ್ ಪೆಟ್ಟಿಗೆ ಮಾರುಕಟ್ಟೆಯಲ್ಲಿ ಸಾಮಾನ್ಯ, 5.12 ಯೂನಿಟ್. ಬೇಗ ಎಳೆದರೂ ಲಿಥಿಯಂ ಹೆಚ್ಚು ಸೊರಗುವುದಿಲ್ಲ. ಶೇ. 90ರ ತನಕ ಬಳಸಿದರೆ 4.6 ಯೂನಿಟ್. ಬೇಕಾದ್ದು 4.4. ಹಾಕಿದ ದಿನ ಒಂದು ಪೆಟ್ಟಿಗೆ ಎಂಟು ಬ್ಯಾಟರಿಗಳ ಕೆಲಸವನ್ನು ನಿಜವಾಗಿಯೂ ಮಾಡುತ್ತದೆ.

ಕೆಲವು ವರ್ಷ ಕಳೆದು ಪೆಟ್ಟಿಗೆ ಶೇ. 80ಕ್ಕೆ ಇಳಿದಾಗ? ಆಗ ಸಿಗುವುದು 3.7 ಯೂನಿಟ್. ಎರಡು ಗಂಟೆಯ ಬದಲು ಒಂದು ಗಂಟೆ ನಲವತ್ತು ನಿಮಿಷಕ್ಕೆ ವಾರ್ಡ್ ಕತ್ತಲಾಗುತ್ತದೆ. ಶೇ. 70ಕ್ಕೆ ಇಳಿದಾಗ ಒಂದೂವರೆ ಗಂಟೆಯೂ ಕಷ್ಟ. ಕರಡು ಇಲ್ಲಿ ಮಾಡಿರುವುದು ಇಷ್ಟೇ: ಮುದಿತನದ ಖರ್ಚನ್ನೂ ಸೇರಿಸಿ ಹಾಕಿದ ಎಂಟು ಲೆಡ್ ಬ್ಯಾಟರಿಗಳನ್ನು, ಮುದಿತನದ ಲೆಕ್ಕವೇ ಇಲ್ಲದ ಒಂದು ಹೊಸ ಲಿಥಿಯಂ ಪೆಟ್ಟಿಗೆಯ ಜತೆ ತೂಗಿದೆ. ಅದಲ್ಲದೆ ಆ ಒಂದು ಪೆಟ್ಟಿಗೆ ಪ್ರತಿ ಸಲ ಶೇ. 90ರ ಹತ್ತಿರದ ಆಳಕ್ಕೆ ಇಳಿಯುತ್ತದೆ, ಆಯಸ್ಸಿನ ಪರೀಕ್ಷೆ ನಡೆದದ್ದು ಶೇ. 80ರಲ್ಲಿ. ಎರಡೂ ಪುಟಗಳು ಒಂದೇ ವೈಟ್ ಪೇಪರಿನಲ್ಲಿದ್ದು ಒಂದಕ್ಕೊಂದು ಹೊಂದುತ್ತಿಲ್ಲ. ಇಂತಹ ಒಡಕು ಕಾಣುವುದು ಒಬ್ಬ ಓದುಗರ ಒಂದು ಲೆಕ್ಕವನ್ನು ಮೊದಲಿನಿಂದ ಕೊನೆಯ ತನಕ ಮಾಡಿದಾಗ ಮಾತ್ರ. ಬಿಡಿ ಬಿಡಿ ವಾಕ್ಯಗಳನ್ನು ಎಷ್ಟು ಸಲ ತಿದ್ದಿದರೂ ಕಾಣುವುದಿಲ್ಲ.

ನ್ಯಾಯವಾದ ಹೋಲಿಕೆ ಎಂಟಕ್ಕೆ ಎರಡು. ಎರಡು ಪೆಟ್ಟಿಗೆ ಹಾಕಿದರೆ ಪ್ರತಿ ಸಲ ಅರ್ಧಕ್ಕಿಂತ ಕಡಿಮೆ ಖಾಲಿಯಾಗುತ್ತವೆ, ಮುದಿತನದಲ್ಲೂ ಎರಡು ಗಂಟೆ ದಾಟುತ್ತವೆ. ಮಾರ್ಕೆಟಿಂಗ್‌ನವರ ಮುಖ ಬಾಡುವುದು ಸಹಜ. "ಒಂದು ಅಂತ ಇದ್ದಿದ್ದನ್ನ ಎರಡು ಅಂತ ಮಾಡಿದ್ರೆ ಬೆಲೆನೂ ಎರಡಾಯ್ತಲ್ಲ ಮೇಡಂ, ಕಸ್ಟಮರ್ ಓಡಿ ಹೋಗ್ತಾರೆ" ಎನ್ನುತ್ತಾರೆ. ಅವರ ಚಿಂತೆ ಸುಳ್ಳಲ್ಲ. ಆದರೆ ಕರಡಿನಲ್ಲಿ ಎಲ್ಲೂ ಇಲ್ಲದ ಒಂದು ಒಳ್ಳೆಯ ಸಂಗತಿ ಈ ಲೆಕ್ಕದಿಂದಲೇ ಹೊರಬರುತ್ತದೆ. 150 ಎಎಚ್ ಟ್ಯೂಬುಲರ್ ಬ್ಯಾಟರಿ ಒಂದೊಂದೂ 50 ಕಿಲೋ ದಾಟುತ್ತದೆ, ಎಂಟು ಸೇರಿ ನಾಲ್ಕು ಕ್ವಿಂಟಲ್‌ಗೂ ಹೆಚ್ಚು. ಎರಡು ಲಿಥಿಯಂ ಪೆಟ್ಟಿಗೆಗಳು ಸೇರಿ ಒಂದು ಕ್ವಿಂಟಲ್ ಆಸುಪಾಸು. ಡಿಸ್ಟಿಲ್ಡ್ ವಾಟರ್ ಹಾಕುವ ಕೆಲಸ ಇಲ್ಲ, ಆಸಿಡ್ ವಾಸನೆ ಇಲ್ಲ, ಚಾರ್ಜ್ ಆಗುವಾಗ ಹೈಡ್ರೋಜನ್ ಹೊರಬರುವ ಭಯ ಇಲ್ಲ. ನರ್ಸಿಂಗ್ ಹೋಮಿಗೆ ಇವು ದೊಡ್ಡ ವಿಷಯ. ಎಂಟರ ಬದಲು ಎರಡು ಎಂಬುದು ಈ ಬ್ಯಾಟರಿ ನಿಭಾಯಿಸಬಲ್ಲ ಮಾತು.

ಬೆಲೆಯ ಬಗ್ಗೆ ವೈಟ್ ಪೇಪರಿನಲ್ಲಿ ರೂಪಾಯಿ ಅಂಕಿ ಹಾಕುವುದನ್ನು ನಾನು ಬಿಡಿಸುತ್ತೇನೆ, ಆರು ತಿಂಗಳಲ್ಲಿ ಅದು ಹಳಸುತ್ತದೆ. ಬದಲಿಗೆ ಓದುಗರ ಕೈಗೆ ಸೂತ್ರ ಕೊಡಬೇಕು:

```
ಒಂದು ಯೂನಿಟ್‌ಗೆ ಬೀಳುವ ಖರ್ಚು =
ಬ್ಯಾಟರಿಯ ಬೆಲೆ ÷ (ಪ್ರತಿ ಸಲ ಬಳಸುವ ಯೂನಿಟ್ × ಆಯಸ್ಸಿನಲ್ಲಿ ನಿಜವಾಗಿ ಆಗುವ ಸೈಕಲ್)
```

ಇದರಲ್ಲಿ "ನಿಜವಾಗಿ ಆಗುವ" ಎಂಬ ಮಾತಿನ ಮೇಲೆ ಎಲ್ಲ ನಿಂತಿದೆ. ದಿನಾ ಎರಡು ಗಂಟೆ ಕರೆಂಟ್ ಹೋಗುವ ಊರಿನಲ್ಲಿ ವರ್ಷಕ್ಕೆ 365 ಸೈಕಲ್. ಒಳ್ಳೆಯ ಟ್ಯೂಬುಲರ್ ಬ್ಯಾಟರಿಯ ಆಯಸ್ಸು 1200 ಸೈಕಲ್ ಎಂದು ಹಿಡಿದರೆ ಮೂರು ವರ್ಷ ಚಿಲ್ಲರೆಗೆ ಮುಗಿಯಿತು. ಅಲ್ಲಿ ಲಿಥಿಯಂ ತನ್ನ ಹೆಚ್ಚಿನ ಬೆಲೆಯನ್ನು ದುಡಿದು ತೀರಿಸುತ್ತದೆ. ಆದರೆ ತಿಂಗಳಿಗೊಮ್ಮೆ ಕರೆಂಟ್ ಹೋಗುವ ಊರಿನಲ್ಲಿ ವರ್ಷಕ್ಕೆ 12, ಹತ್ತು ವರ್ಷಕ್ಕೆ 120. ಅಲ್ಲಿ 1200 ಸೈಕಲ್ ಕೂಡ ಮುಗಿಯುವುದಿಲ್ಲ, 6000ದ ಮಾತೇ ಬೇಡ. ಎರಡೂ ಬ್ಯಾಟರಿಗಳು ಬಳಕೆಯಿಂದಲ್ಲ, ಸುಮ್ಮನೆ ವಯಸ್ಸಾಗಿಯೇ ಸೋಲುತ್ತವೆ. ಅಂತಹವರಿಗೆ ಜಾಗ ಮತ್ತು ತೂಕದ ತೊಂದರೆ ಇಲ್ಲದಿದ್ದರೆ ಲೆಡ್ ಆಸಿಡ್ ಅಗ್ಗವಾಗುವ ಸಂಭವವೇ ಹೆಚ್ಚು. ಇದನ್ನು "ಈ ಬ್ಯಾಟರಿ ಯಾರಿಗೆ ಬೇಡ" ಎಂಬ ತಲೆಬರಹದ ಕೆಳಗೆ ಬರೆಯಬೇಕು. ಕಂಪನಿಯೊಳಗೆ ದೊಡ್ಡ ಜಗಳ ನಡೆಯುವುದು ಈ ಅರ್ಧ ಪುಟಕ್ಕೆ. ನಾನು ಇದನ್ನು ಬಿಟ್ಟುಕೊಡುವುದಿಲ್ಲ. ಬೇಡದವರನ್ನು ಬೇಡ ಎಂದು ಹೇಳಿ ಕಳಿಸಿದ ಪುಟವನ್ನು ಓದಿದ ಮೇಲೆ, ಬೇಕಾದವರು ಮುಂದಿನ ಪುಟವನ್ನು ನಂಬಿ ಓದುತ್ತಾರೆ. ತಪ್ಪು ಜಾಗಕ್ಕೆ ಮಾರಿದ ಬ್ಯಾಟರಿ ಸರ್ವಿಸ್ ವಿಭಾಗದ ಫೋನಿನಲ್ಲಿ ವರ್ಷಗಟ್ಟಲೆ ಕೂಗುತ್ತಲೇ ಇರುತ್ತದೆ ಎಂಬುದು ಮಾರ್ಕೆಟಿಂಗ್‌ನವರಿಗಿಂತ ಸರ್ವಿಸ್‌ನವರಿಗೆ ಚೆನ್ನಾಗಿ ಗೊತ್ತು. ಜಗಳ ಬಗೆಹರಿಯದಿದ್ದರೆ ಅವರನ್ನೂ ಮೀಟಿಂಗ್‌ಗೆ ಕರೆಯುವುದು ಒಳ್ಳೆಯದು.

ಅಡಗಿ ಕೂತ ಖರ್ಚುಗಳೂ ಈ ಭಾಗಕ್ಕೇ ಸೇರುತ್ತವೆ. ಕರಡಿನ ಒಂಬತ್ತನೇ ಪುಟದ ತಳದಲ್ಲಿ, ಸಣ್ಣ ಅಕ್ಷರದಲ್ಲಿ, "ಹೊಂದಿಕೆಯಾಗುವ ಇನ್ವರ್ಟರ್ ಜತೆ ಮಾತ್ರ" ಎಂದಿದೆ. ಲೆಡ್ ಆಸಿಡ್‌ಗೆಂದು ಮಾಡಿದ ಹಳೆಯ ಚಾರ್ಜರ್‌ನ ವೋಲ್ಟೇಜ್ ಕ್ರಮ ಲಿಥಿಯಂಗೆ ಒಗ್ಗದೇ ಇರಬಹುದು. ಇನ್ವರ್ಟರ್‌ನಲ್ಲಿ ಲಿಥಿಯಂ ಎಂಬ ಆಯ್ಕೆ ಇಲ್ಲದಿದ್ದರೆ ಅದನ್ನೂ ಬದಲಿಸಬೇಕು. ಇದು ತಳದ ಟಿಪ್ಪಣಿಯಲ್ಲ, ಮೂರನೇ ಪುಟದ ವಿಷಯ. ಹಾಗೆಯೇ ಹಳೆಯ ಲೆಡ್ ಬ್ಯಾಟರಿ ಅಂಗಡಿಗೆ ಕೊಟ್ಟರೆ ಗುಜರಿ ಬೆಲೆ ಸಿಗುತ್ತದೆ, ಲಿಥಿಯಂಗೆ ಅಂತಹ ಪಕ್ಕಾ ವ್ಯವಸ್ಥೆ ಇನ್ನೂ ಊರೂರಿಗೆ ಬಂದಿಲ್ಲ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಹಳೆಯದನ್ನು ಸಂಗ್ರಹಿಸಿ ಮರುಬಳಕೆಗೆ ಕಳಿಸುವ ಹೊಣೆಯನ್ನು ತಯಾರಕರ ಮೇಲೆ ಹಾಕಿವೆ. ಹಾಗಾದರೆ ಈ ಕಂಪನಿ ಕಲಬುರಗಿಯಿಂದ ಹಳೆಯ ಪೆಟ್ಟಿಗೆಯನ್ನು ಹೇಗೆ ವಾಪಸ್ ತೆಗೆದುಕೊಳ್ಳುತ್ತದೆ? ಉತ್ತರ ಇದ್ದರೆ ಬರೆಯಬೇಕು.

ಇಷ್ಟಾದ ಮೇಲೆ ಕರಡಿನ ಪುಟಗಳ ಕ್ರಮ ತಾನಾಗಿ ಬದಲಾಗಿರುತ್ತದೆ. ಮೊದಲ ಪುಟದಲ್ಲಿದ್ದ ಕಂಪನಿಯ ಇತಿಹಾಸ, ಪ್ರಶಸ್ತಿ, ಕಾರ್ಖಾನೆಯ ಫೋಟೋ ಎಲ್ಲ ಕೊನೆಗೆ ಹೋಗುತ್ತವೆ. ಆ ಜಾಗಕ್ಕೆ ನರ್ಸಿಂಗ್ ಹೋಮಿನ ಪ್ರಶ್ನೆ ಬರುತ್ತದೆ, ನಂತರ ಲೋಡ್ ಲೆಕ್ಕ, ಬಿಸಿಯ ಮಾತು, ಆಯಸ್ಸು, ಖರ್ಚಿನ ಸೂತ್ರ, ಯಾರಿಗೆ ಬೇಡ. ಸುಮಾರು ಏಳು ಪುಟ. ಅಲ್ಲಿ "ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ" ಎಂದಿರುತ್ತದೆ, ಕಂಪನಿಯ ಮಾದರಿ ಹೆಸರು ಇರುವುದಿಲ್ಲ. ತನ್ನದೇ ಪರೀಕ್ಷೆಯ ಅಂಕಿ ಕೊಡುವಾಗ ಮಾತ್ರ "ನಮ್ಮ ಪ್ರಯೋಗಶಾಲೆಯಲ್ಲಿ" ಎಂದು ಮುಚ್ಚುಮರೆಯಿಲ್ಲದೆ ಹೇಳಬೇಕು, ಇಲ್ಲದಿದ್ದರೆ ಹೊರಗಿನವರು ಯಾರೋ ಪರೀಕ್ಷಿಸಿದಂತೆ ಕಾಣುತ್ತದೆ.

ಪ್ರಚಾರಕ್ಕೆ ಕೊನೆಯ ಎರಡು ಪುಟ. ಅಲ್ಲಿ ನಾಚಿಕೆ ಬೇಕಿಲ್ಲ. ಹೊಸ ಪುಟದಿಂದ, ಬೇರೆ ಬಣ್ಣದ ತಲೆಬರಹದಲ್ಲಿ, "ನಮ್ಮ ಉತ್ಪನ್ನ" ಎಂದೇ ಶುರು ಮಾಡಿ, ಹಿಂದಿನ ಏಳು ಪುಟಗಳಲ್ಲಿ ಎತ್ತಿದ ಪ್ರಶ್ನೆಗಳಿಗೆ ಅದೇ ಕ್ರಮದಲ್ಲಿ ಉತ್ತರ ಕೊಡಬೇಕು: ನಮ್ಮ ಪೆಟ್ಟಿಗೆಯ ಚಾರ್ಜಿಂಗ್ ಮಿತಿ ಇಷ್ಟು, ವಾರಂಟಿ ಇಷ್ಟು ವರ್ಷ ಮತ್ತು ಎಷ್ಟು ಸಾಮರ್ಥ್ಯ ಉಳಿಯುವ ತನಕ, ಹೊಂದಿಕೆಯಾಗುವ ಇನ್ವರ್ಟರ್‌ಗಳು ಇವು, ಕಲಬುರಗಿಗೆ ಹತ್ತಿರದ ಸರ್ವಿಸ್ ಕೇಂದ್ರ ಇಲ್ಲಿ. ಓದುಗರು ಅಷ್ಟು ಹೊತ್ತಿಗೆ ಈ ಉತ್ತರಗಳನ್ನು ಅಳೆಯಲು ಬಲ್ಲವರಾಗಿರುತ್ತಾರೆ. ಎದುರಾಳಿ ಕಂಪನಿಯ ಬ್ಯಾಟರಿಯನ್ನೂ ಇದೇ ಪ್ರಶ್ನೆಗಳಿಂದ ಅಳೆಯುತ್ತಾರೆ. ಆ ಅಳತೆಗೆ ಹೆದರುವ ಉತ್ಪನ್ನವಾದರೆ ತಿದ್ದಬೇಕಾದ್ದು ವೈಟ್ ಪೇಪರ್ ಅಲ್ಲ, ಬ್ಯಾಟರಿ. ಅದನ್ನು ನಾನು ಕಂಪನಿಯವರಿಗೆ ನೇರವಾಗಿಯೇ ಹೇಳುತ್ತೇನೆ.

ತಿದ್ದಿದ್ದು ಸರಿಯಾಗಿದೆಯೇ ಎಂದು ತಿಳಿಯಲು ಪ್ರಕಟಿಸುವ ಮುನ್ನ ಒಂದು ಪರೀಕ್ಷೆ ಇದೆ. ಕೊನೆಯ ಎರಡು ಪುಟಗಳನ್ನು ಕಿತ್ತಿಟ್ಟು, ಉಳಿದದ್ದನ್ನು ಬ್ಯಾಟರಿ ವ್ಯಾಪಾರದ ಹೊರಗಿನ ಒಬ್ಬರಿಗೆ, ಒಂದು ಶಾಲೆಯ ಕ್ಲರ್ಕ್ ಅಥವಾ ಅಪಾರ್ಟ್‌ಮೆಂಟ್ ಸಂಘದ ಕಾರ್ಯದರ್ಶಿಗೆ ಕೊಡಿ. ತಮ್ಮ ಕಟ್ಟಡದ ಲೋಡ್ ಹಿಡಿದು ಎಷ್ಟು ಬ್ಯಾಟರಿ ಬೇಕು ಎಂದು ಅವರು ಕಾಗದದ ಮೇಲೆ ಬರೆಯಬಲ್ಲರೇ ನೋಡಿ. ಸಿಕ್ಕಿಬಿದ್ದ ಕಡೆ ವಿವರಣೆ ಸಾಲದು ಎಂದರ್ಥ. ನಮ್ಮ ಮಾದರಿಯಲ್ಲಿ ಅವರು ಖಂಡಿತ ಸಿಕ್ಕಿಬೀಳುವುದು 20 ಗಂಟೆಯ ಲೆಕ್ಕ ಎರಡು ಗಂಟೆಗೆ ಯಾಕೆ ಹೊಂದುವುದಿಲ್ಲ ಎಂಬಲ್ಲಿ. ಅಲ್ಲಿಗೆ ಒಂದು ಸಣ್ಣ ಕೋಷ್ಟಕ ಬೇಕು: 20 ಗಂಟೆಗೆ ಎಷ್ಟು, 10 ಗಂಟೆಗೆ ಎಷ್ಟು, 5ಕ್ಕೆ, 2ಕ್ಕೆ ಎಷ್ಟು.

ಪ್ರಕಟವಾದ ಮೇಲೆ ಬರುವ ಫೋನ್‌ಗಳೂ ಬದಲಾಗಬೇಕು. "ರೇಟ್ ಎಷ್ಟು?" ಎಂಬುದು ಯಾವ ಕಾಲಕ್ಕೂ ಇದ್ದದ್ದೇ. ಅದರ ಜತೆಗೆ "ನಮ್ಮ ಕೋಣೆ ಮಧ್ಯಾಹ್ನ 41 ಡಿಗ್ರಿ ತೋರಿಸ್ತದೆ, ನಿಮ್ಮದು ಚಾರ್ಜ್ ಆಗ್ತದೇನ್ರೀ?" ಎಂದು ಯಾರಾದರೂ ಕೇಳತೊಡಗಿದರೆ ಏಳು ಪುಟಗಳು ಓದಿಸಿಕೊಂಡಿವೆ. ಇಂತಹ ಪ್ರಶ್ನೆಗಳನ್ನು ಸೇಲ್ಸ್‌ನವರು ಬರೆದಿಟ್ಟು ಕಳಿಸಬೇಕು, ಮುಂದಿನ ಆವೃತ್ತಿಯಲ್ಲಿ ಅವಕ್ಕೆ ಜಾಗ ಕೊಡಬೇಕು. ಮೊದಲ ಪುಟದ ಮೂಲೆಯಲ್ಲಿ ಆವೃತ್ತಿಯ ಸಂಖ್ಯೆ, ತಿಂಗಳು, ಪರೀಕ್ಷೆ ಎಷ್ಟು ಸೈಕಲ್ ತನಕ ಬಂದಿದೆ ಎಂಬ ಮೂರನ್ನೂ ಹಾಕಬೇಕು. ಪ್ರಯೋಗಶಾಲೆಯಲ್ಲಿ ಬ್ಯಾಟರಿ ಇನ್ನೂ ಓಡುತ್ತಲೇ ಇದೆ. ಅದು 3000 ತಲುಪಿದ ದಿನ ಅಂದಾಜಿನ ಗೆರೆಯನ್ನು ಹೊಸದಾಗಿ ಎಳೆದು, ಮೇಲೆ ಹೋಗಲಿ ಕೆಳಗೆ ಬರಲಿ, ಬಂದ ಅಂಕಿಯನ್ನೇ ಅಚ್ಚು ಹಾಕಬೇಕು.